ಮೊದಲ ವಿಮೆ: ಟರ್ಮ್ ಮಾಡಿಸಬೇಕಾ, ಎಂಡೋಮೆಂಟ್ ಮಾಡಿಸಬೇಕಾ?

ಮಗಳು ಹುಟ್ಟಿ ನಾಮಕರಣ ಮುಗಿದ ವಾರದಲ್ಲೇ ನಮ್ಮ ಚಿಕ್ಕಪ್ಪ ಮನೆಗೆ ಬಂದರು. ಕಂಕುಳಲ್ಲಿ ಲೆದರ್ ಬ್ಯಾಗು. ಅವರು ಇಪ್ಪತ್ತು ವರ್ಷದಿಂದ ವಿಮಾ ಏಜೆಂಟ್. ಕಾಫಿ ಕುಡಿದು, ಮಗು ನೋಡಿ, ಕೊನೆಗೆ ಒಂದು ಎಂಡೋಮೆಂಟ್ ಪಾಲಿಸಿಯ ಪ್ರಿಂಟ್‌ಔಟ್ ತೆಗೆದು ಟೀಪಾಯ್ ಮೇಲಿಟ್ಟರು. "ನೋಡಪ್ಪಾ, ವರ್ಷಕ್ಕೆ 42 ಸಾವಿರ ಕಟ್ಟು. 25 ವರ್ಷ ಆದಮೇಲೆ 20 ಲಕ್ಷಕ್ಕೆ ಮೇಲೆ ಬರತ್ತೆ. ಮಗಳ ಮದುವೆ ಚಿಂತೆ ಇರಲ್ಲ," ಅಂದರು.

"ಟರ್ಮ್ ಇನ್ಶೂರೆನ್ಸ್ ಅಂತಾರಲ್ಲ ಚಿಕ್ಕಪ್ಪ, ಅದು?" ಅಂತ ಕೇಳಿದೆ.

"ಅದ್ರಲ್ಲಿ ದುಡ್ಡು ವಾಪಸ್ ಬರಲ್ಲ ಮಗಾ. ಸುಮ್ನೆ ವೇಸ್ಟು."

ಅವರು ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ಟರ್ಮ್‌ನಲ್ಲಿ ದುಡ್ಡು ನಿಜವಾಗಿಯೂ ವಾಪಸ್ ಬರುವುದಿಲ್ಲ. ಆದರೆ ಅವರು ಬೆರಳಿಟ್ಟು ತೋರಿಸಿದ್ದು ಆ ಹಾಳೆಯ ಕೊನೇ ಸಾಲನ್ನು, ಅಂದರೆ 25ನೇ ವರ್ಷವನ್ನು. ನಾನು ಓದಬೇಕಾಗಿದ್ದದ್ದು ನಾಲ್ಕನೇ ವರ್ಷದ ಸಾಲು. ಈ ಲೇಖನ ಹೆಚ್ಚುಕಡಿಮೆ ಆ ಒಂದು ಸಾಲಿನ ಬಗ್ಗೆಯೇ.

ಮೊದಲು: ಎರಡೂ ಯಾವುದಕ್ಕೆ ದುಡ್ಡು ಕೊಡುತ್ತವೆ?

ತುಂಬಾ ಜನರಿಗೆ ಒಂದು ತಪ್ಪು ಕಲ್ಪನೆ ಇದೆ. ಟರ್ಮ್ ಅಂದರೆ ಆಕ್ಸಿಡೆಂಟ್ ಆದರೆ ಮಾತ್ರ ದುಡ್ಡು, ಎಂಡೋಮೆಂಟ್‌ಗೆ ಎಲ್ಲದಕ್ಕೂ ದುಡ್ಡು ಅಂತ. ಹಾಗಿಲ್ಲ. ಯಾವ ಸಾವಿಗೆ ಹಣ ಕೊಡಬೇಕು ಅನ್ನುವ ವಿಷಯದಲ್ಲಿ ಎರಡೂ ಒಂದೇ. ಹಾರ್ಟ್ ಅಟ್ಯಾಕ್, ಕ್ಯಾನ್ಸರ್, ರಸ್ತೆ ಅಪಘಾತ, ಹಾವು ಕಡಿತ, ಡೆಂಗ್ಯೂ, ಯಾವುದರಿಂದ ಸತ್ತರೂ ಎರಡೂ ಪಾಲಿಸಿ ನಾಮಿನಿಗೆ ದುಡ್ಡು ಕೊಡಬೇಕು. ಆತ್ಮಹತ್ಯೆಯ ವಿಷಯದಲ್ಲೂ ನಿಯಮ ಹೆಚ್ಚುಕಡಿಮೆ ಒಂದೇ: ಪಾಲಿಸಿ ಶುರುವಾದ ಮೊದಲ 12 ತಿಂಗಳಲ್ಲಾದರೆ ಪೂರ್ತಿ ಮೊತ್ತ ಇಲ್ಲ, ಕಟ್ಟಿದ ಕಂತಿನ ಬಹುಪಾಲು ವಾಪಸ್ ಬರುತ್ತದೆ. ಆಮೇಲೆ ಪೂರ್ತಿ ಮೊತ್ತ.

ಎರಡೂ ಕೊಡದೇ ಇರುವುದೂ ಒಂದೇ. ಆಸ್ಪತ್ರೆ ಬಿಲ್ ಎರಡೂ ಕಟ್ಟುವುದಿಲ್ಲ, ಅದಕ್ಕೆ ಆರೋಗ್ಯ ವಿಮೆ ಬೇರೆ ಬೇಕು. ಕೆಲಸ ಹೋದರೆ ಎರಡೂ ಬರುವುದಿಲ್ಲ. ಕೈಕಾಲು ಹೋಗಿ ಮನೆಯಲ್ಲಿ ಕೂರುವಂತಾದರೂ, ಅದಕ್ಕೆಂದೇ ಪಾಲಿಸಿ ಜೊತೆ ರೈಡರ್ ಅನ್ನುವ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿಲ್ಲದಿದ್ದರೆ ಏನೂ ಬರುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ಟರ್ಮ್ ನೀವು ಸತ್ತರೆ ಮಾತ್ರ ದುಡ್ಡು ಕೊಡುತ್ತದೆ. ಎಂಡೋಮೆಂಟ್ ಸತ್ತರೂ ಕೊಡುತ್ತದೆ, ಅವಧಿ ಮುಗಿಯುವವರೆಗೆ ಬದುಕಿದ್ದರೂ ಕೊಡುತ್ತದೆ. ಬದುಕಿದ್ದರೂ ಕೊಡಬೇಕು ಅಂದಮೇಲೆ ಆ ದುಡ್ಡನ್ನು ಕಂಪನಿ ನಿಮ್ಮಿಂದಲೇ ವರ್ಷ ವರ್ಷ ಕೂಡಿಡಿಸಬೇಕು, ಅಲ್ವಾ? ಅದಕ್ಕೇ ನೀವು ಕಟ್ಟುವ ಕಂತಿನಲ್ಲಿ ದೊಡ್ಡ ಪಾಲು ಉಳಿತಾಯಕ್ಕೆ ಹೋಗುತ್ತದೆ, ಸಣ್ಣ ಪಾಲು ವಿಮೆಗೆ. ಅದೇ ಕಂತಿಗೆ ಎಂಡೋಮೆಂಟ್‌ನಲ್ಲಿ ಸಿಗುವ ರಕ್ಷಣೆ ಟರ್ಮ್‌ಗಿಂತ ಎಷ್ಟೋ ಪಟ್ಟು ಕಡಿಮೆ ಇರುವುದು ಇದೇ ಕಾರಣಕ್ಕೆ.

ಒಂದನೇ ಹೆಜ್ಜೆ: ಎಷ್ಟು ಬೇಕು ಅಂತ ಮನೆಯ ಲೆಕ್ಕದಿಂದ ಹಾಕಿ

ಲೆಕ್ಕಕ್ಕೆ ಒಂದು ಸಂಸಾರ ಇಟ್ಟುಕೊಳ್ಳೋಣ. ತುಮಕೂರಿನಲ್ಲಿ ಇದ್ದಾರೆ. ಗಂಡನಿಗೆ 30 ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ, ಕೈಗೆ ತಿಂಗಳಿಗೆ 45 ಸಾವಿರ ಬರುತ್ತದೆ. ಹೆಂಡತಿ ಮನೆ ನೋಡಿಕೊಳ್ಳುತ್ತಾರೆ. ಒಂದು ವರ್ಷದ ಮಗು. 12 ಲಕ್ಷ ಹೋಮ್ ಲೋನ್ ಬಾಕಿ ಇದೆ. ಬ್ಯಾಂಕಿನಲ್ಲಿ 3 ಲಕ್ಷ ಉಳಿತಾಯ.

ಇಎಂಐ ಬಿಟ್ಟು ಮನೆ ಖರ್ಚು ತಿಂಗಳಿಗೆ 30 ಸಾವಿರ. ಅದರಲ್ಲಿ ಗಂಡನ ಸ್ವಂತ ಖರ್ಚು, ಬೈಕ್ ಪೆಟ್ರೋಲು, ಮೊಬೈಲು, ಹೊರಗಿನ ಊಟ ಎಲ್ಲ ಸೇರಿ 6 ಸಾವಿರ. ಅವನು ಇಲ್ಲದಿದ್ದರೆ ಆ 6 ಸಾವಿರ ಬೇಕಾಗುವುದಿಲ್ಲ. ಉಳಿದ 24 ಸಾವಿರ ಬೇಕೇ ಬೇಕು. ವರ್ಷಕ್ಕೆ 2.88 ಲಕ್ಷ. ಮಗು ಓದಿ ಕೆಲಸಕ್ಕೆ ಸೇರುವವರೆಗೆ ಅಂದರೆ ಸುಮಾರು 20 ವರ್ಷಕ್ಕೆ 57.6 ಲಕ್ಷ. ಬಂದ ದುಡ್ಡನ್ನು ಎಫ್‌ಡಿಯಲ್ಲಿಟ್ಟರೆ ಬಡ್ಡಿ ಬರುತ್ತದೆ, ಅತ್ತ ಬೆಲೆಗಳೂ ಏರುತ್ತವೆ. ಒಂದಕ್ಕೊಂದು ಸರಿಹೋಯಿತು ಅಂತ ಇಟ್ಟುಕೊಂಡು ಲೆಕ್ಕ ಸರಳ ಮಾಡಿದ್ದೇನೆ.

ಇದಕ್ಕೆ ಸಾಲ ತೀರಿಸಲು 12 ಲಕ್ಷ ಸೇರಿಸಿ. ಮಗುವಿನ ಓದಿಗೆ 15 ಲಕ್ಷ ಸೇರಿಸಿ. ಒಟ್ಟು 84.6 ಲಕ್ಷ. ಉಳಿತಾಯದ 3 ಲಕ್ಷ ಕಳೆಯಿರಿ. 81.6 ಲಕ್ಷ. ಬೆಲೆ ಏರಿಕೆ ಬಡ್ಡಿಗಿಂತ ಜೋರಾಗಿದ್ದರೆ ಅಂತ ಸ್ವಲ್ಪ ಜಾಸ್ತಿ ಹಿಡಿದು ಇವರಿಗೆ 1 ಕೋಟಿ ಅನ್ನೋಣ.

"ಕಂಪನಿಯಲ್ಲಿ ಪಿಎಫ್ ಜೊತೆ ವಿಮೆ ಇದೆಯಲ್ಲಾ" ಅಂತ ಕೆಲವರು ಕೇಳುತ್ತಾರೆ. ಇದೆ. ಪಿಎಫ್ ಕಟ್ಟುವವರಿಗೆ ಇಡಿಎಲ್‌ಐ ಅಂತ ಒಂದು ಯೋಜನೆ, ಅದರಲ್ಲಿ ಗರಿಷ್ಠ 7 ಲಕ್ಷ. ಆದರೆ ಅದು ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಬಿಟ್ಟು ಅಂಗಡಿ ಹಾಕಿದರೆ ಅದೂ ಹೋಗುತ್ತದೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಹೋಗುತ್ತದಲ್ಲ, ಪ್ರಧಾನ ಮಂತ್ರಿ ಜೀವನ ಜ್ಯೋತಿ, ಅದು 2 ಲಕ್ಷ. ಅದನ್ನು ನಿಲ್ಲಿಸಬೇಡಿ. ಆದರೆ ಈ ಎರಡನ್ನೂ ನಾನು ಲೆಕ್ಕದಲ್ಲಿ ಕಳೆದಿಲ್ಲ, ಮೇಲಿನ ಕೊಸರು ಅಂತ ಬಿಟ್ಟಿದ್ದೇನೆ.

ಎರಡನೇ ಹೆಜ್ಜೆ: ನಾಲ್ಕನೇ ವರ್ಷದ ಸಾಲು ಓದಿ

ಏಜೆಂಟ್ ಕೊಡುವ ಆ ಹಾಳೆಗೆ ಬೆನಿಫಿಟ್ ಇಲಸ್ಟ್ರೇಷನ್ ಅನ್ನುತ್ತಾರೆ. ಎಂಡೋಮೆಂಟ್ ಮಾಡಿಸುವ ಮೊದಲು ಅದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಅದರಲ್ಲಿ ವರ್ಷಕ್ಕೊಂದು ಸಾಲು ಇರುತ್ತದೆ: ಆ ವರ್ಷ ಕಟ್ಟುವ ಕಂತು, ಆ ವರ್ಷ ಸತ್ತರೆ ಬರುವ ಮೊತ್ತ, ಆ ವರ್ಷ ಬಿಟ್ಟರೆ ಬರುವ ಮೊತ್ತ. ಗ್ಯಾರಂಟಿ ಇರುವ ಮೊತ್ತವೇ ಬೇರೆ, ಗ್ಯಾರಂಟಿ ಇಲ್ಲದ ಮೊತ್ತವೇ ಬೇರೆ ಕಾಲಂನಲ್ಲಿ. ಗ್ಯಾರಂಟಿ ಇಲ್ಲದ್ದನ್ನು 4% ಮತ್ತು 8% ಅಂತ ಎರಡು ಊಹೆಯಲ್ಲಿ ತೋರಿಸಿರುತ್ತಾರೆ. ಏಜೆಂಟರ ಬೆರಳು ಸಾಮಾನ್ಯವಾಗಿ ಹೋಗುವುದು 8% ಕಾಲಂನ ಕೊನೇ ಸಾಲಿಗೆ. ನೆನಪಿಡಿ, ಅದು ಕಂಪನಿ ಕೊಡುತ್ತೇನೆ ಅಂದ ಬಡ್ಡಿಯಲ್ಲ, ಲೆಕ್ಕಕ್ಕೆ ಇಟ್ಟುಕೊಂಡ ಊಹೆ.

ಈಗ ನಮ್ಮ ತುಮಕೂರಿನ ಸಂಸಾರಕ್ಕೆ ಎರಡು ದಾರಿ ಇಡೋಣ. ಎರಡರಲ್ಲೂ ವರ್ಷಕ್ಕೆ ಖರ್ಚಾಗುವುದು 42 ಸಾವಿರವೇ. ಕಂತಿನ ಅಂಕಿಗಳು ಅಂದಾಜು, ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ.

ಮೊದಲ ದಾರಿ, ಚಿಕ್ಕಪ್ಪನದು. 10 ಲಕ್ಷದ ಎಂಡೋಮೆಂಟ್, 25 ವರ್ಷ, ವರ್ಷಕ್ಕೆ 42 ಸಾವಿರ. ಕಂಪನಿ ತನ್ನ ಲಾಭದಲ್ಲಿ ಕೊಡುವ ಬೋನಸ್ ಸಾವಿರಕ್ಕೆ 45 ರೂಪಾಯಿ ಅಂತ ಹಿಡಿದರೆ 10 ಲಕ್ಷಕ್ಕೆ ವರ್ಷಕ್ಕೆ 45 ಸಾವಿರ. ಈ ಬೋನಸ್ ಪ್ರತಿ ವರ್ಷ ಪಾಲಿಸಿಗೆ ಸೇರುತ್ತಾ ಹೋಗುತ್ತದೆ, ಆದರೆ ಕೈಗೆ ಬರುವುದು ಕೊನೆಯಲ್ಲೇ. ಸೇರಿದ ಬೋನಸ್ ಮೇಲೆ ಮತ್ತೆ ಬೋನಸ್ ಬೆಳೆಯುವುದಿಲ್ಲ.

ಎರಡನೇ ದಾರಿ. 60 ವರ್ಷ ವಯಸ್ಸಿನವರೆಗೆ 1 ಕೋಟಿ ಟರ್ಮ್. ತಂಬಾಕು ಮುಟ್ಟದ 30ರ ಗಂಡಸಿಗೆ ವರ್ಷಕ್ಕೆ ಸುಮಾರು 12 ಸಾವಿರ ಅನ್ನೋಣ. ಉಳಿದ 30 ಸಾವಿರ ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್‌ಗೆ.

ನಾಲ್ಕನೇ ಕಂತು ಕಟ್ಟಿದ ಮೇಲೆ ಒಂದು ದಿನ ಅವನು ಬೈಕಿನಲ್ಲಿ ಹೋಗುವಾಗ ಸತ್ತ ಅಂತಿಟ್ಟುಕೊಳ್ಳಿ. ಹೇಳಲು ಕಷ್ಟ, ಆದರೆ ವಿಮೆ ಅಂದರೆ ಈ ಪ್ರಶ್ನೆಯೇ. ಮೊದಲ ದಾರಿಯಲ್ಲಿ ಹೆಂಡತಿಗೆ 10 ಲಕ್ಷ, ಅದರ ಮೇಲೆ ನಾಲ್ಕು ವರ್ಷದ ಬೋನಸ್ 1.8 ಲಕ್ಷ, ಒಟ್ಟು 11.8 ಲಕ್ಷ ಬರುತ್ತದೆ. ಕೆಲವು ಪಾಲಿಸಿಗಳಲ್ಲಿ ಸತ್ತರೆ ಮೂಲ ಮೊತ್ತದ 125% ಕೊಡುತ್ತಾರೆ, ಆಗ ಇನ್ನೊಂದು ಎರಡೂವರೆ ಲಕ್ಷ ಸೇರುತ್ತದೆ ಅನ್ನಿ. ನಾಲ್ಕು ವರ್ಷದಲ್ಲಿ ಸಾಲದ ಅಸಲು ಕರಗಿದ್ದು ಸ್ವಲ್ಪವೇ, ಇನ್ನೂ 10 ಲಕ್ಷ ಚಿಲ್ಲರೆ ಬಾಕಿ ಇರುತ್ತದೆ. ವಿಮೆಯ ಹಣ ಬ್ಯಾಂಕಿಗೇ ಹೋಯಿತು. ಮನೆ ಉಳಿಯಿತು. ಮಿಕ್ಕ ಚೂರುಪಾರು, ಬ್ಯಾಂಕಿನ ಉಳಿತಾಯ ಕರಗಿದ ಮೇಲೆ ರೇಷನ್‌ಗೆ ತವರಿನ ಕಡೆ ನೋಡಬೇಕು.

ಎರಡನೇ ದಾರಿಯಲ್ಲಿ ಹೆಂಡತಿಗೆ ಬರುವುದು 1 ಕೋಟಿ, ಜೊತೆಗೆ ಪಿಪಿಎಫ್‌ನಲ್ಲಿ ಕೂಡಿದ ಸುಮಾರು 1.4 ಲಕ್ಷ. ಸಾಲ ತೀರಿಸಿ ಉಳಿದ ಸುಮಾರು 90 ಲಕ್ಷ ಆ ಮನೆ ನಡೆಸುತ್ತದೆ.

ಇನ್ನು ಚಿಕ್ಕಪ್ಪ ತೋರಿಸಿದ 25ನೇ ವರ್ಷದ ಸಾಲು. ಅದನ್ನೂ ಪ್ರಾಮಾಣಿಕವಾಗಿ ನೋಡೋಣ. ಮೊದಲ ದಾರಿಯಲ್ಲಿ 10 ಲಕ್ಷದ ಜೊತೆ ಬೋನಸ್ 11.25 ಲಕ್ಷ, ಒಟ್ಟು 21.25 ಲಕ್ಷ. ಕಟ್ಟಿದ್ದು 10.5 ಲಕ್ಷ. "ಡಬಲ್ ಆಯ್ತಲ್ಲ" ಅನ್ನಿಸುತ್ತದೆ, ಆದರೆ 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 5% ಬಡ್ಡಿ. ಕೊನೆಯಲ್ಲಿ ಫೈನಲ್ ಅಡಿಷನಲ್ ಬೋನಸ್ ಅಂತ ಒಂದು ಸಿಗಬಹುದು. ಸಿಕ್ಕರೆ 6% ಆಸುಪಾಸಿಗೆ ಏರೀತು. ಎರಡನೇ ದಾರಿಯಲ್ಲಿ ಟರ್ಮ್‌ನಿಂದ ಸೊನ್ನೆ. ಪಿಪಿಎಫ್‌ಗೆ ಈಗಿನ 7.1% ಬಡ್ಡಿಯೇ ಕೊನೇವರೆಗೂ ಇದ್ದರೆ 20.6 ಲಕ್ಷ. 15 ವರ್ಷದ ಖಾತೆಯನ್ನು ಐದೈದು ವರ್ಷ ಎರಡು ಸಲ ಮುಂದುವರಿಸಬೇಕು.

ಅಂದರೆ ಕೊನೇ ಸಾಲಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಫೈನಲ್ ಬೋನಸ್ ಚೆನ್ನಾಗಿ ಬಂದರೆ ಎಂಡೋಮೆಂಟ್ ಮೂರು ನಾಲ್ಕು ಲಕ್ಷ ಮುಂದೆಯೂ ಹೋಗಬಹುದು. ಎಂಡೋಮೆಂಟ್ ಮೋಸ ಅಂತ ಕೂಗಾಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದು ನಿಧಾನಕ್ಕೆ ಬೆಳೆಯುವ, ಭದ್ರವಾದ ಒಂದು ಉಳಿತಾಯ. ನನ್ನ ತಕರಾರು ಬೇರೆ. ಕೊನೇ ಸಾಲಿನಲ್ಲಿ ಹೆಚ್ಚೆಂದರೆ ಮೂರು ನಾಲ್ಕು ಲಕ್ಷದ ವ್ಯತ್ಯಾಸ, ನಾಲ್ಕನೇ ಸಾಲಿನಲ್ಲಿ ಸುಮಾರು 90 ಲಕ್ಷದ ವ್ಯತ್ಯಾಸ. ಒಂದು ವರ್ಷದ ಮಗು ಇರುವ ಮನೆಗೆ ಯಾವ ಸಾಲು ಮುಖ್ಯ?

"1 ಕೋಟಿಯ ಎಂಡೋಮೆಂಟೇ ಮಾಡಿಸಿದರೆ ಆಯ್ತಲ್ಲ" ಅಂತಲೂ ಕೇಳಬಹುದು. ಅದೇ ಲೆಕ್ಕದಲ್ಲಿ ವರ್ಷಕ್ಕೆ 4.2 ಲಕ್ಷ ಕಟ್ಟಬೇಕು. ಅವನ ವರ್ಷದ ಸಂಬಳವೇ 5.4 ಲಕ್ಷ.

ಮೂರನೇ ಹೆಜ್ಜೆ: ಅವಧಿ, ಕಂತು, ರೈಡರ್

ಟರ್ಮ್ ತೆಗೆದುಕೊಳ್ಳುವುದು ಅಂತ ತೀರ್ಮಾನ ಆದಮೇಲೆ ವೆಬ್‌ಸೈಟಿನಲ್ಲಿ ನೂರೆಂಟು ಆಯ್ಕೆ ಕಣ್ಣಿಗೆ ಬೀಳುತ್ತವೆ. ಹೆಚ್ಚಿನವು ಬೇಡ.

ಅವಧಿ 60 ವರ್ಷದವರೆಗೆ ಸಾಕು. ಆ ಹೊತ್ತಿಗೆ ಸಾಲ ತೀರಿರುತ್ತದೆ, ಮಗು ದುಡಿಯುತ್ತಿರುತ್ತದೆ. 85ರವರೆಗೆ, 99ರವರೆಗೆ ಅಂತ ಇರುವ ಪ್ಲಾನ್‌ಗಳ ಕಂತು ಎಷ್ಟೋ ಜಾಸ್ತಿ. ಕೊನೆಗೆ ಯಾರಾದರೂ ಸಾಯಲೇಬೇಕಲ್ಲ, ಅದಕ್ಕೇ ಕಂಪನಿ ಆ ದುಡ್ಡನ್ನು ಮೊದಲೇ ವಸೂಲಿ ಮಾಡುತ್ತದೆ.

"ಪ್ರೀಮಿಯಂ ವಾಪಸ್ ಕೊಡುವ ಟರ್ಮ್" ಅಂತ ಇನ್ನೊಂದು ಇದೆ. ಬದುಕಿದ್ದರೆ ಕಟ್ಟಿದ್ದೆಲ್ಲ ವಾಪಸ್. ಕೇಳಲು ಹಿತ. ಆದರೆ ಇದರ ಕಂತು ಮಾಮೂಲಿ ಟರ್ಮ್‌ಗಿಂತ ಎಷ್ಟೋ ಜಾಸ್ತಿ, ವಾಪಸ್ ಬರುವಾಗ ಬಡ್ಡಿ ಇಲ್ಲ. ಮೂವತ್ತು ವರ್ಷದ ಹಿಂದೆ ಕೊಟ್ಟ ಸಾವಿರ ರೂಪಾಯಿಯನ್ನು ಇವತ್ತು ಸಾವಿರವೇ ವಾಪಸ್ ತಗೊಂಡ ಹಾಗೆ.

ರೈಡರ್‌ಗಳಲ್ಲಿ ನಾನು ಯೋಚಿಸಿ ನೋಡಿ ಅನ್ನುವುದು ಒಂದನ್ನೇ: ಶಾಶ್ವತ ಅಂಗವೈಕಲ್ಯವಾದರೆ ಮುಂದಿನ ಕಂತು ಮನ್ನಾ ಮಾಡುವ ರೈಡರ್. ದುಡಿಯಲು ಆಗದವನು ಕಂತು ಎಲ್ಲಿಂದ ಕಟ್ಟುತ್ತಾನೆ? ಆಕ್ಸಿಡೆಂಟ್ ರೈಡರ್ ಹಾಕುವ ಬದಲು ಮೂಲ ಮೊತ್ತವನ್ನೇ ಜಾಸ್ತಿ ಮಾಡಿಸಿ. ಜ್ವರದಿಂದ ಸತ್ತರೂ ಮನೆಯವರಿಗೆ ಬೇಕಾಗುವುದು ಅಷ್ಟೇ ದುಡ್ಡು.

ಕಂತು ವರ್ಷಕ್ಕೊಮ್ಮೆ ಇರಲಿ. ತಿಂಗಳ ಕಂತಿನಲ್ಲಿ ತಪ್ಪಿಹೋಗುವ ಅವಕಾಶ ವರ್ಷಕ್ಕೆ ಹನ್ನೆರಡು ಸಲ. ಗಡುವು ಮೀರಿದ ಮೇಲೆ ಗ್ರೇಸ್ ಅವಧಿ ತಿಂಗಳ ಕಂತಿಗೆ 15 ದಿನ, ಉಳಿದವಕ್ಕೆ 30 ದಿನ. ಗ್ರೇಸ್ ಅವಧಿಯಲ್ಲಿ ಸತ್ತರೆ ಬಾಕಿ ಕಂತು ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಅದೂ ದಾಟಿದರೆ ಪಾಲಿಸಿ ಲ್ಯಾಪ್ಸ್. ಎಂಡೋಮೆಂಟ್‌ನಲ್ಲಿ ಕೆಲವು ವರ್ಷ ಕಟ್ಟಿ ನಿಲ್ಲಿಸಿದರೂ ಸ್ವಲ್ಪ ಮೊತ್ತ ಉಳಿಯುತ್ತದೆ. ಟರ್ಮ್‌ನಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ. ಈ ಒಂದು ವಿಷಯದಲ್ಲಿ ಎಂಡೋಮೆಂಟ್ ಮೇಲು. ನನಗೆ ಗೊತ್ತಿರುವ ಒಬ್ಬರ ಟರ್ಮ್ ಲ್ಯಾಪ್ಸ್ ಆಗಿದ್ದು ದುಡ್ಡಿಲ್ಲದೆ ಅಲ್ಲ. ಆಟೋ ಡೆಬಿಟ್ ಹಾಕಿದ್ದ ಕಾರ್ಡಿನ ಅವಧಿ ಮುಗಿದಿತ್ತು, ಮೆಸೇಜು ಹಳೇ ನಂಬರಿಗೆ ಹೋಗುತ್ತಿತ್ತು. ಐದು ವರ್ಷದೊಳಗೆ ಮತ್ತೆ ಚಾಲೂ ಮಾಡಿಸಬಹುದು, ಆದರೆ ಆರೋಗ್ಯದ ವಿವರ ಹೊಸದಾಗಿ ಕೊಡಬೇಕು. ಅಷ್ಟರಲ್ಲಿ ಅವರಿಗೆ ಶುಗರ್ ಬಂದಿತ್ತು, ಕಂತು ಏರಿತು.

ಒಂದು ಒಳ್ಳೆ ಸುದ್ದಿ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ಮೊದಲು ಟರ್ಮ್‌ಗೆ 18% ಇತ್ತು. ಯಾರಾದರೂ ಹಳೇ ಕೊಟೇಶನ್ ತೋರಿಸಿದರೆ ಹೊಸದು ಕೇಳಿ.

ನಾಲ್ಕನೇ ಹೆಜ್ಜೆ: ಅರ್ಜಿ ನೀವೇ ತುಂಬಿ

ಕ್ಲೇಮ್ ಸಿಗುವುದು ಬಿಡುವುದು ಹೆಚ್ಚಾಗಿ ತೀರ್ಮಾನವಾಗುವುದು ಸತ್ತ ದಿನ ಅಲ್ಲ, ಅರ್ಜಿ ತುಂಬಿದ ದಿನ.

ಅರ್ಜಿಯಲ್ಲಿ ಒಂದಷ್ಟು ಪ್ರಶ್ನೆಗಳಿರುತ್ತವೆ. ಬಿಪಿ ಇದೆಯಾ, ಶುಗರ್ ಇದೆಯಾ, ಆಪರೇಷನ್ ಆಗಿದೆಯಾ, ತಂಬಾಕು ಉಂಟಾ, ಕುಡಿಯುತ್ತೀರಾ, ಅಪ್ಪ ಅಮ್ಮ ಇದ್ದಾರಾ, ಇಲ್ಲದಿದ್ದರೆ ಎಷ್ಟನೇ ವಯಸ್ಸಿನಲ್ಲಿ ಯಾವುದರಿಂದ ತೀರಿಕೊಂಡರು, ಬೇರೆ ಎಷ್ಟು ಪಾಲಿಸಿ ಇವೆ. ಅವಸರದ ಏಜೆಂಟ್ ಆದರೆ ಎಲ್ಲದಕ್ಕೂ "ಇಲ್ಲ" ಅಂತ ಟಿಕ್ ಹಾಕಿ ನಿಮ್ಮ ಸಹಿ ಕೇಳುತ್ತಾನೆ. ಅಲ್ಲೇ ಇರುವುದು ಅಪಾಯ.

ನಮ್ಮ ದೂರದ ನೆಂಟರೊಬ್ಬರ ವಿಷಯ ಹೇಳುತ್ತೇನೆ. ಬಿಪಿ ಮಾತ್ರೆ ಮೂರು ವರ್ಷದಿಂದ ತಗೊಳ್ತಿದ್ದರು. ದಿನಕ್ಕೊಂದು ಮಾತ್ರೆ, ಅದೇನು ಕಾಯಿಲೆನಾ ಅಂತ ಅರ್ಜಿಯಲ್ಲಿ ಬರೆಸಲಿಲ್ಲ. ಪಾಲಿಸಿ ಮಾಡಿಸಿ ಹದಿನಾಲ್ಕು ತಿಂಗಳಿಗೆ ಸ್ಟ್ರೋಕ್ ಆಗಿ ತೀರಿಕೊಂಡರು. ಕಂಪನಿಯವರು ಆಸ್ಪತ್ರೆಯ ಕೇಸ್ ಶೀಟ್ ತರಿಸಿದರು. ಅದರ ಮೊದಲ ಪುಟದಲ್ಲೇ ಡ್ಯೂಟಿ ಡಾಕ್ಟರ್ ಬರೆದಿದ್ದರು: ಬಿಪಿ ಹಲವು ವರ್ಷದಿಂದ, ಮಾತ್ರೆ ಸೇವನೆ. ಹೇಳಿದ್ದು ಯಾರು? ಗಾಬರಿಯಲ್ಲಿ ಅವರ ಹೆಂಡತಿಯೇ. ಕ್ಲೇಮ್ ತಿರಸ್ಕಾರವಾಯಿತು. ಬಿಪಿ ಅಂತ ಬರೆದಿದ್ದರೆ ವರ್ಷಕ್ಕೆ ಎರಡು ಮೂರು ಸಾವಿರ ಜಾಸ್ತಿ ಕಟ್ಟಬೇಕಾಗಿತ್ತೋ ಏನೋ.

ತಂಬಾಕು ಅಂದರೆ ಬರೀ ಸಿಗರೇಟ್ ಅಲ್ಲ. ಗುಟ್ಕಾ, ಹೊಗೆಸೊಪ್ಪು, ಎಲೆಅಡಿಕೆ ಜೊತೆ ಹಾಕುವ ಕಡ್ಡಿಪುಡಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ಪಾಲಿಸಿ ಕೊಡುವ ಮೊದಲಿನ ಮೆಡಿಕಲ್ ಪರೀಕ್ಷೆಯಲ್ಲಿ ಕೊಟಿನಿನ್ ಅಂತ ಒಂದು ಟೆಸ್ಟ್ ಮಾಡುತ್ತಾರೆ, ನಿಕೋಟಿನ್ ಇತ್ತೀಚೆಗೆ ದೇಹಕ್ಕೆ ಹೋಗಿದ್ದರೆ ತೋರಿಸುತ್ತದೆ. ಮೆಡಿಕಲ್ ಇಲ್ಲದೆ ಪಾಲಿಸಿ ಕೊಡುತ್ತೇವೆ ಅಂದರೂ ನೀವೇ ಮೆಡಿಕಲ್ ಕೇಳಿ ಮಾಡಿಸಿಕೊಳ್ಳಿ. ಕಂಪನಿ ನಿಮ್ಮನ್ನು ಪರೀಕ್ಷೆ ಮಾಡಿ ಒಪ್ಪಿಕೊಂಡಿದೆ ಅನ್ನುವುದು ನಾಳೆ ಹೆಂಡತಿಯ ಕೈಯಲ್ಲಿರುವ ದೊಡ್ಡ ಆಧಾರ.

ಇದರ ಜೊತೆಗೆ ತಿಳಿದಿರಬೇಕಾದ ಕಾನೂನು ಒಂದಿದೆ. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್. ಪಾಲಿಸಿ ಮೂರು ವರ್ಷ ಪೂರೈಸಿದ ಮೇಲೆ, ಅರ್ಜಿಯಲ್ಲಿ ಸುಳ್ಳು ಹೇಳಿದ್ದಾರೆ ಅಂತ ಹೇಳಿ ಕಂಪನಿ ಅದನ್ನು ಪ್ರಶ್ನೆ ಮಾಡುವ ಹಾಗಿಲ್ಲ. ಲ್ಯಾಪ್ಸ್ ಆಗಿ ಮತ್ತೆ ಚಾಲೂ ಮಾಡಿಸಿದ್ದರೆ ಆ ಮೂರು ವರ್ಷ ಚಾಲೂ ಮಾಡಿಸಿದ ದಿನದಿಂದ ಮತ್ತೆ ಶುರು. ಇದು ಟರ್ಮ್‌ಗೂ ಎಂಡೋಮೆಂಟ್‌ಗೂ ಒಂದೇ. ಹಾಗಂತ "ಮೂರು ವರ್ಷ ಬದುಕಿದರೆ ಸಾಕು" ಅಂತ ಸುಳ್ಳು ಬರೆಸಬೇಡಿ. ಆ ಮೂರು ವರ್ಷವೇ ಮಗು ಅತಿ ಚಿಕ್ಕದಾಗಿರುವ ವರ್ಷಗಳು.

ಸಂಬಳದ ಸ್ಲಿಪ್ ಅಥವಾ ಐಟಿ ರಿಟರ್ನ್ ಕೇಳುತ್ತಾರೆ, ನಿಮ್ಮ ಆದಾಯಕ್ಕೆ ತಕ್ಕಷ್ಟೇ ವಿಮೆ ಕೊಡುತ್ತಾರೆ. ಈ ವಯಸ್ಸಿನಲ್ಲಿ ವರ್ಷದ ಆದಾಯದ ಇಪ್ಪತ್ತು ಪಟ್ಟಿನವರೆಗೆ ಸಾಮಾನ್ಯವಾಗಿ ಸಿಗುತ್ತದೆ. ಆಟೋ ಓಡಿಸುವವರು, ಸಣ್ಣ ಅಂಗಡಿಯವರು, ರಿಟರ್ನ್ ಹಾಕದವರಿಗೆ ಇಲ್ಲೇ ತೊಡಕು. ಅವರು "ಸರಳ ಜೀವನ್ ಬಿಮಾ" ಅಂತ ಕೇಳಬೇಕು. 2021ರ ಜನವರಿಯಿಂದ ಜೀವ ವಿಮಾ ಕಂಪನಿಗಳು ಒಂದೇ ಷರತ್ತಿನ ಮೇಲೆ ಮಾರುತ್ತಿರುವ ಟರ್ಮ್ ಪ್ಲಾನ್ ಅದು. 5 ಲಕ್ಷದಿಂದ 25 ಲಕ್ಷದವರೆಗೆ. ಮೊದಲ 45 ದಿನ ಅಪಘಾತದ ಸಾವಿಗೆ ಮಾತ್ರ ಪೂರ್ತಿ ಹಣ, ಆಮೇಲೆ ಎಲ್ಲ ಸಾವಿಗೂ.

ಐದನೇ ಹೆಜ್ಜೆ: ಬಾಂಡ್ ಬಂದ ಮೇಲೆ

ಪಾಲಿಸಿಯ ಕಾಗದ, ಅಂದರೆ ಬಾಂಡ್ ಕೈಗೆ ಬಂದ ದಿನದಿಂದ 30 ದಿನ ನಿಮ್ಮವು. ಅದರೊಳಗೆ ಬೇಡ ಅನ್ನಿಸಿದರೆ ವಾಪಸ್ ಮಾಡಬಹುದು, ಮೆಡಿಕಲ್ ಖರ್ಚು, ಸ್ಟ್ಯಾಂಪ್ ಖರ್ಚು ಅಂತ ಸ್ವಲ್ಪ ಹಿಡಿದು ಉಳಿದದ್ದು ಕೊಡುತ್ತಾರೆ. ಇದನ್ನು ಫ್ರೀ ಲುಕ್ ಅನ್ನುತ್ತಾರೆ. ಈ ದಿನಗಳಲ್ಲಿ ಬಾಂಡ್ ಒಳಗೇ ಇರುವ ನಿಮ್ಮ ಅರ್ಜಿಯ ಕಾಪಿ ತೆಗೆದು ಒಂದೊಂದೇ ಉತ್ತರ ಓದಿ. ಹುಟ್ಟಿದ ತಾರೀಖು, ಹೆಸರಿನ ಇನಿಷಿಯಲ್, ತಂಬಾಕಿನ ಉತ್ತರ. ತಪ್ಪಿದ್ದರೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ.

ನಾಮಿನಿ ಹೆಂಡತಿಯಾಗಿರಲಿ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿ ಇದ್ದರೆ ಅದರಲ್ಲಿ ಇನ್ನೂ ಅಮ್ಮನ ಹೆಸರೇ ಇರುತ್ತದೆ, ನೋಡಿ ತೀರ್ಮಾನ ಮಾಡಿ. ಚಿಕ್ಕ ಮಗುವನ್ನು ನಾಮಿನಿ ಮಾಡಿದರೆ ಅದರ ಪರವಾಗಿ ಹಣ ತಗೊಳ್ಳಲು ದೊಡ್ಡವರೊಬ್ಬರ ಹೆಸರು ಕೊಡಬೇಕು. ವ್ಯಾಪಾರಕ್ಕೆ ಕೈಸಾಲ ಮಾಡಿರುವವರು ಪಾಲಿಸಿ ಮಾಡಿಸುವಾಗಲೇ "ಎಂಡಬ್ಲ್ಯುಪಿ ಕಾಯ್ದೆಯಡಿ" ಅನ್ನುವ ಆಯ್ಕೆ ಕೇಳಲಿ. ವಿವಾಹಿತ ಮಹಿಳೆಯರ ಆಸ್ತಿಗೆ ಸಂಬಂಧಪಟ್ಟ 1874ರ ಕಾಯ್ದೆ ಅದು. ಅದರಡಿ ಮಾಡಿಸಿದ ದುಡ್ಡು ಹೆಂಡತಿ ಮಕ್ಕಳದ್ದು, ಸಾಲ ಕೊಟ್ಟವರು ಕೈ ಹಾಕುವ ಹಾಗಿಲ್ಲ. ಆಮೇಲೆ ಬದಲಾಯಿಸಲೂ ಆಗುವುದಿಲ್ಲ, ಅದು ತಿಳಿದಿರಲಿ.

ಮನೆಯಲ್ಲಿ ಈಗಾಗಲೇ ಎಂಡೋಮೆಂಟ್ ಇದ್ದರೆ?

ಮೊದಲು ಟರ್ಮ್ ಬಾಂಡ್ ಕೈಗೆ ಬರಲಿ. ಅಲ್ಲಿಯವರೆಗೆ ಹಳೇ ಪಾಲಿಸಿ ಮುಟ್ಟಬೇಡಿ. ಹಳೇದನ್ನು ನಿಲ್ಲಿಸಿದ ವಾರವೇ ಮೆಡಿಕಲ್‌ನಲ್ಲಿ ಏನಾದರೂ ಕಂಡರೆ ಎರಡೂ ಇಲ್ಲದ ಹಾಗಾಗುತ್ತದೆ.

ಆಮೇಲೆ ಮೂರು ದಾರಿ. ಮುಂದುವರಿಸುವುದು, ಸರೆಂಡರ್ ಮಾಡುವುದು ಅಂದರೆ ಪಾಲಿಸಿ ಮುರಿದು ಬಂದಷ್ಟು ದುಡ್ಡು ತಗೊಳ್ಳುವುದು, ಅಥವಾ ಕಂತು ನಿಲ್ಲಿಸಿ ಪೇಯ್ಡ್‌ಅಪ್ ಮಾಡುವುದು. ಮೇಲಿನ ಪಾಲಿಸಿಗೆ ಮೂರು ಕಂತು ಕಟ್ಟಿ ನಿಲ್ಲಿಸಿದರೆ ಪೇಯ್ಡ್‌ಅಪ್ ಮೊತ್ತ 10 ಲಕ್ಷದಲ್ಲಿ 25ನೇ 3 ಪಾಲು, ಅಂದರೆ 1.2 ಲಕ್ಷ. ಅದರ ಜೊತೆ ಅಲ್ಲಿಯವರೆಗೆ ಸೇರಿದ ಬೋನಸ್. ಸಿಗುವುದು 25 ವರ್ಷ ಮುಗಿದ ಮೇಲೆ, ಅಥವಾ ಅದಕ್ಕೂ ಮುಂಚೆ ಸತ್ತರೆ. ಈಗಲೇ ಸರೆಂಡರ್ ಮಾಡಿದರೆ ಕಟ್ಟಿದ 1.26 ಲಕ್ಷದಲ್ಲಿ ಒಂದು ಭಾಗ ಮಾತ್ರ ಕೈಗೆ ಬರುತ್ತದೆ. 2024ರ ಅಕ್ಟೋಬರ್‌ನಿಂದ ಸರೆಂಡರ್ ನಿಯಮ ಸುಧಾರಿಸಿದೆ, ಹೊಸ ಪಾಲಿಸಿಗಳಲ್ಲಿ ಒಂದು ವರ್ಷ ಕಟ್ಟಿದರೂ ಸ್ವಲ್ಪ ವಾಪಸ್ ಸಿಗುತ್ತದೆ. ಯಾವುದೇ ತೀರ್ಮಾನಕ್ಕೂ ಮುಂಚೆ ಶಾಖೆಗೆ ಹೋಗಿ "ಇವತ್ತು ಸರೆಂಡರ್ ಮಾಡಿದರೆ ಎಷ್ಟು, ಪೇಯ್ಡ್‌ಅಪ್ ಮಾಡಿದರೆ ಎಷ್ಟು" ಅಂತ ಬರವಣಿಗೆಯಲ್ಲಿ ಕೇಳಿ. ಹದಿನೈದು ವರ್ಷ ಕಟ್ಟಿಯಾಗಿದ್ದರೆ ನಾನಾದರೆ ಮುಂದುವರಿಸುತ್ತಿದ್ದೆ. ಮೂರು ನಾಲ್ಕು ವರ್ಷವಷ್ಟೇ ಆಗಿದ್ದು, ಆ ಕಂತಿನಿಂದಾಗಿ ಟರ್ಮ್ ಕಟ್ಟಲು ಆಗುತ್ತಿಲ್ಲ ಅನ್ನುವುದಾದರೆ ನಷ್ಟ ನುಂಗಿ ನಿಲ್ಲಿಸುವುದೇ ಸರಿ.

ಟರ್ಮ್ ಆದಮೇಲೂ ಕೈಯಲ್ಲಿ ಉಳಿದ ದುಡ್ಡು ನಿಲ್ಲುವುದೇ ಇಲ್ಲ, ಯಾರಾದರೂ ಬಲವಂತ ಮಾಡಿದರೇ ಉಳಿತಾಯ ಅನ್ನುವವರು ಒಂದು ಸಣ್ಣ ಎಂಡೋಮೆಂಟ್ ಇಟ್ಟುಕೊಳ್ಳಲಿ. ಕಷ್ಟಕ್ಕೆ ಅದರ ಮೇಲೆ ಸಾಲವೂ ಸಿಗುತ್ತದೆ. ಎರಡನೆಯದಾಗಿ ಅದು ತಪ್ಪಲ್ಲ.

ಆರನೇ ಹೆಜ್ಜೆ: ಹೆಂಡತಿಯನ್ನು ಕೂರಿಸಿಕೊಂಡು ಒಮ್ಮೆ ಓದಿ

ಈ ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. "ಅಪಶಕುನ ಮಾತಾಡ್ಬೇಡಿ" ಅಂತ ನಮ್ಮ ಮನೆಯಲ್ಲೂ ಎದ್ದು ಹೋದಳು. ಎರಡನೇ ಸಲ ಕೂತಳು.

ಅವಳಿಗೆ ಹೇಳಿದ್ದು ಇಷ್ಟು. ಮರಣ ನೋಂದಣಿ 21 ದಿನದೊಳಗೆ ಮಾಡಿಸಬೇಕು. ಪ್ರಮಾಣಪತ್ರದಲ್ಲಿ ಹೆಸರು ಬಾಂಡ್‌ನಲ್ಲಿರುವಂತೆಯೇ ಇರಬೇಕು. ಅಪಘಾತ, ಹಾವು ಕಡಿತ, ಕರೆಂಟ್ ಶಾಕ್ ಇಂಥದ್ದಾದರೆ ಎಫ್‌ಐಆರ್ ಮತ್ತು ಪೋಸ್ಟ್‌ಮಾರ್ಟಂ ತಪ್ಪಿಸಬಾರದು. ಹಳ್ಳಿಗಳಲ್ಲಿ "ಕೊಯ್ಯೋದು ಬೇಡ" ಅಂತ ಹಾಗೇ ಮಣ್ಣು ಮಾಡಿ ಆಮೇಲೆ ಪರದಾಡುತ್ತಾರೆ. ಬಾಂಡ್, ಕ್ಲೇಮ್ ಫಾರಂ, ಅವಳ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆಯ ಕಾಗದ, ಇಷ್ಟನ್ನು ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ತನಿಖೆ ಬೇಡದ ಕ್ಲೇಮ್ 15 ದಿನದಲ್ಲಿ, ತನಿಖೆ ಬೇಕಾದದ್ದು 45 ದಿನದಲ್ಲಿ ಮುಗಿಸಬೇಕು ಅನ್ನುವುದು ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ನಿಯಮ.

ಕೊಡಲ್ಲ ಅಂದರೆ ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರು ವಿಚಾರಿಸುವ ಅಧಿಕಾರಿ, ಅಂದರೆ ವಿಮಾ ಓಂಬುಡ್ಸ್‌ಮನ್. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ. ಆದರೆ ಅವರು ಕೊಡಿಸಬಹುದಾದ ಗರಿಷ್ಠ ಪರಿಹಾರ 50 ಲಕ್ಷ. ನಮ್ಮ 1 ಕೋಟಿಯ ಪಾಲಿಸಿಗೆ ಅದು ಸಾಲದು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಅಲ್ಲಿ ಮಿತಿ ನೋಡುವುದು ಕೇಳುವ ಪರಿಹಾರದ ಮೇಲಲ್ಲ, ನಾವು ಕಟ್ಟಿದ ದುಡ್ಡಿನ ಮೇಲೆ. ಹಾಗಾಗಿ ಕೋಟಿಯ ಟರ್ಮ್ ಕ್ಲೇಮ್ ಕೂಡ ತುಮಕೂರಿನಲ್ಲೇ ಹಾಕಬಹುದು.

ಇದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಪಾಲಿಸಿ ನಂಬರ್, ಕಂತಿನ ತಾರೀಖು, ಯಾವ ಖಾತೆಯಿಂದ ಹೋಗುತ್ತದೆ ಅನ್ನುವುದನ್ನು ಸೇರಿಸಿ ಬಾಂಡ್‌ಗೆ ಪಿನ್ ಮಾಡಿದೆ. ಬೀರುವಿನಲ್ಲಿ ಅವಳ ರೇಷ್ಮೆ ಸೀರೆಗಳ ಕೆಳಗಿದೆ, ಜಾಗ ಅವಳೇ ಆರಿಸಿದ್ದು. ಒಂದು ಜೆರಾಕ್ಸ್ ಚಿಕ್ಕಪ್ಪನ ಹತ್ತಿರವೂ ಇದೆ. ಟರ್ಮ್ ಅವರ ಕೈಯಲ್ಲೇ ಮಾಡಿಸಿದೆ. ಕಮಿಷನ್ ಕಡಿಮೆ ಅಂತ ಗೊಣಗಿದರು, ಆದರೆ ಮೆಡಿಕಲ್‌ಗೆ ಬೆಳಿಗ್ಗೆ ಆರಕ್ಕೆ ಬಂದು ಲ್ಯಾಬಿಗೆ ಕರೆದುಕೊಂಡು ಹೋದವರು ಅವರೇ.